ಹದಿನೇಳನೆಯ ಕೀ: ಬಿ-ಟ್ರೀ ನೋಡ್ ಒಡೆಯುವುದನ್ನು ಹಾಳೆಯ ಮೇಲೆ ಮಾಡಿ ಕಲಿಯೋಣ

ಕೆಲಸಕ್ಕೆ ಅರ್ಜಿ ಹಾಕಿ ಬರುವ ಹುಡುಗ ಹುಡುಗಿಯರ ಸಂದರ್ಶನ ಮಾಡುವ ಸರದಿ ನನಗೆ ಆಗಾಗ ಬರುತ್ತದೆ. ಬಿ-ಟ್ರೀ ಅಂದರೇನು ಅಂತ ಕೇಳಿದರೆ ವ್ಯಾಖ್ಯೆ ಎಲ್ಲರ ನಾಲಗೆಯ ತುದಿಯಲ್ಲೇ ಇರುತ್ತದೆ: ಕೀಗಳನ್ನು ಏರಿಕೆಯ ಕ್ರಮದಲ್ಲಿ ಇಡುವ ಮರ, ಅದರ ಒಂದೊಂದು ಪೆಟ್ಟಿಗೆ ಒಂದು ನೋಡ್, ಎಲ್ಲಕ್ಕಿಂತ ಮೇಲಿನದು ರೂಟ್, ಮಕ್ಕಳಿಲ್ಲದ ಕೆಳಗಿನವು ಲೀಫ್. ಕೈಗೆ ಪೆನ್ನು ಕೊಟ್ಟು ಕೀಗಳನ್ನು ಒಂದೊಂದಾಗಿ ಸೇರಿಸಿ ಅಂದರೆ ಮೊದಲ ನಾಲ್ಕೈದು ಸಲೀಸಾಗಿ ಕೂರುತ್ತವೆ, ಒಂದು ನೋಡ್ ಒಡೆಯುವುದನ್ನೂ ತೋರಿಸುತ್ತಾರೆ. ಒಡೆದ ನೋಡ್‌ನಿಂದ ಮೇಲೆ ಹತ್ತಿದ ಕೀಗೆ ಅಲ್ಲಿಯೂ ಜಾಗ ಇಲ್ಲ ಅನ್ನುವ ಹೊತ್ತಿಗೆ ಪೆನ್ನು ನಿಂತುಬಿಡುತ್ತದೆ. ಆ ಜಾಗ ದಾಟಿದವರಿಗೆ ಬಿ-ಟ್ರೀ ಗೊತ್ತು, ಉಳಿದವರಿಗೆ ಅದರ ಹೆಸರು ಗೊತ್ತು.

ಆದ್ದರಿಂದ ಇಲ್ಲಿ ಒಂದೇ ಉದಾಹರಣೆ ತೆಗೆದುಕೊಂಡು ಹದಿನೇಳು ಕೀಗಳನ್ನು ಸೇರಿಸುತ್ತೇನೆ. ಹದಿನೇಳನೆಯದು ಬಂದಾಗ ಕೆಳಗಿನ ನೋಡೂ ಒಡೆಯುತ್ತದೆ, ರೂಟೂ ಒಡೆಯುತ್ತದೆ. ಹತ್ತಿರ ಒಂದು ಹಾಳೆ, ಪೆನ್ಸಿಲ್ಲು ಇಟ್ಟುಕೊಳ್ಳಿ. ಓದಿದರೆ ಅರ್ಥವಾದ ಹಾಗೆ ಅನ್ನಿಸುತ್ತದೆ. ಬರೆದರೆ ಮಾತ್ರ ಅರ್ಥವಾಗುತ್ತದೆ.

## ಕೀಗಳು: ಬೆಂಗಳೂರಿನ ಪಿನ್ ಕೋಡು

ನಮ್ಮೂರಿನ ಹಳಬರು ಈಗಲೂ ವಿಳಾಸ ಬರೆಯುವಾಗ ‘ಬೆಂಗಳೂರು-4’ ಅಂತ ಬರೆದು ಸುಮ್ಮನಾಗುತ್ತಾರೆ. ಅಷ್ಟಕ್ಕೇ ಅದು ಬಸವನಗುಡಿ ಅಂತ ಅಂಚೆಯವನಿಗೂ ಗೊತ್ತು, ನೆರೆಯವರಿಗೂ ಗೊತ್ತು. ಮುಂದಿನ 560 ಎಲ್ಲರಿಗೂ ಒಂದೇ ಆದ್ದರಿಂದ ನಾವು ಕೊನೆಯ ಅಂಕಿಗಳನ್ನಷ್ಟೇ ಕೀ ಮಾಡಿಕೊಳ್ಳೋಣ. 3 ಮಲ್ಲೇಶ್ವರ, 11 ಜಯನಗರ (ಅಲ್ಲಿನ ಕೆಲವರು 41 ಅನ್ನುತ್ತಾರೆ, ಆ ಜಗಳ ಬೇಡ), 66 ವೈಟ್‌ಫೀಲ್ಡ್, 40 ವಿಜಯನಗರ. ಒಂದು ಕೊರಿಯರ್ ಗೋದಾಮಿನಲ್ಲಿ ಪಾರ್ಸೆಲ್ಲುಗಳು ಯಾವ ಕ್ರಮವೂ ಇಲ್ಲದೆ ಬರುತ್ತಿವೆ, ಪ್ರತಿ ಹೊಸ ಪಿನ್ನನ್ನು ನಾವು ಇಂಡೆಕ್ಸಿಗೆ ಒಮ್ಮೆ ಸೇರಿಸುತ್ತೇವೆ ಅಂದುಕೊಳ್ಳಿ.

ನಿಯಮಗಳು ಕೆಲವೇ. ಒಂದು ನೋಡ್‌ನಲ್ಲಿ ಹೆಚ್ಚೆಂದರೆ 4 ಕೀ ಇರಬಹುದು, ಅವು ಏರಿಕೆಯ ಕ್ರಮದಲ್ಲಿರಬೇಕು. ಲೀಫ್ ಅಲ್ಲದ ನೋಡ್‌ನಲ್ಲಿ ಎಷ್ಟು ಕೀ ಇವೆಯೋ ಅದಕ್ಕಿಂತ ಒಂದು ಹೆಚ್ಚು ಮಕ್ಕಳಿರುತ್ತವೆ, ಏಕೆಂದರೆ ಮೂರು ಕಂಬ ನೆಟ್ಟರೆ ನಾಲ್ಕು ಅಂಕಣ ಆಗುತ್ತದೆ. ರೂಟ್ ಬಿಟ್ಟು ಉಳಿದ ಯಾವ ನೋಡ್‌ನಲ್ಲೂ 2ಕ್ಕಿಂತ ಕಡಿಮೆ ಕೀ ಇರಬಾರದು. ಎಲ್ಲ ಲೀಫ್‌ಗಳೂ ರೂಟಿನಿಂದ ಒಂದೇ ಆಳದಲ್ಲಿರಬೇಕು. ಈ ಕೊನೆಯ ನಿಯಮವನ್ನು ಕಾಪಾಡಲು ನಾವು ಬೇರೆ ಯಾವ ಸಾಹಸವನ್ನೂ ಮಾಡುವುದಿಲ್ಲ, ಅದು ತಾನಾಗಿಯೇ ಉಳಿಯುತ್ತದೆ. ಹೇಗೆ ಅನ್ನುವುದೇ ಇದರ ಸೊಗಸು.

## ಮೊದಲ ಒಡೆತ

4, 66, 11, 3 ಬಂದವು. ಇರುವುದು ಒಂದೇ ನೋಡ್, ಅದೇ ರೂಟ್, ಅದೇ ಲೀಫ್.

```
[3 4 11 66]
```

ಈಗ 40 ಬಂತು. ಜಾಗ ಇಲ್ಲ. ಹಾಗಂತ ಅದನ್ನು ಹೊರಗೆ ನಿಲ್ಲಿಸಿ ಒಡೆಯಲು ಹೋಗಬೇಡಿ. ಮೊದಲು ತುರುಕಿ, ಆಮೇಲೆ ಒಡೆಯಿರಿ. ಸ್ವಲ್ಪ ಹೊತ್ತಿನ ಮಟ್ಟಿಗೆ ನೋಡ್‌ನಲ್ಲಿ ಐದು ಕೀ ಇರುತ್ತವೆ: 3 4 11 40 66. ಸರಿಯಾಗಿ ನಡುವಿನದು 11. ಅದು ಮೇಲೆ ಹೋಗುತ್ತದೆ, ಎಡಗಡೆಯ ಎರಡು ಹಳೆಯ ನೋಡ್‌ನಲ್ಲೇ ಉಳಿಯುತ್ತವೆ, ಬಲಗಡೆಯ ಎರಡು ಹೊಸ ನೋಡ್‌ಗೆ ಹೋಗುತ್ತವೆ. ಮೇಲೆ ಯಾರೂ ಇಲ್ಲದ ಕಾರಣ 11 ತಾನೇ ಹೊಸ ರೂಟ್ ಆಗುತ್ತದೆ.

```
      [11]
[3 4]      [40 66]
```

ಮೊದಲು ತುರುಕಬೇಕು ಅಂದದ್ದು ಯಾಕೆಂದರೆ ಹೊಸ ಕೀಯೇ ನಡುವಿನದಾಗಿರಬಹುದು. ಅದನ್ನು ಬಿಟ್ಟು ಹಳೆಯ ನಾಲ್ಕರಲ್ಲೇ ನಡು ಹುಡುಕಿದರೆ ಬೇರೆ ಕೀ ಮೇಲೆ ಹೋಗುತ್ತದೆ, ಒಂದು ಕಡೆ ಒಂದೇ ಕೀ ಉಳಿಯುತ್ತದೆ.

## ಏರುತ್ತಾ ಹೋಗುವುದು

34 ಕೋರಮಂಗಲ. ರೂಟಿನಲ್ಲಿ 11 ಇದೆ, 34 ಅದಕ್ಕಿಂತ ದೊಡ್ಡದು, ಬಲಕ್ಕೆ ಇಳಿದು ಲೀಫ್‌ನಲ್ಲಿ ಕೂತಿತು. 78 ಜೆ.ಪಿ. ನಗರವೂ ಅಲ್ಲೇ. 10 ರಾಜಾಜಿನಗರ ಎಡಕ್ಕೆ. 18 ಚಾಮರಾಜಪೇಟೆ ಬಂದಾಗ ಬಲಗಡೆಯ ಲೀಫ್ 18 34 40 66 78 ಆಗಿ ಉಕ್ಕಿತು. ನಡುವಿನ 40 ಮೇಲೆ ಹೋಯಿತು. ರೂಟಿನಲ್ಲಿ ಜಾಗ ಇದ್ದದ್ದರಿಂದ ಗಲಾಟೆ ಇಲ್ಲದೆ 11ರ ಪಕ್ಕ ಕೂತಿತು.

```
         [11 40]
[3 4 10]  [18 34]  [66 78]
```

ಹೊಸ ಕೀಗೆ ಮೊದಲ ಜಾಗ ಯಾವಾಗಲೂ ಲೀಫ್‌ನಲ್ಲೇ, ಇದನ್ನು ಗಮನಿಸಿ. ಮಧ್ಯದ ನೋಡ್‌ನಲ್ಲಿ ಜಾಗ ಖಾಲಿ ಇದೆ ಅಂತ ನೇರವಾಗಿ ಅಲ್ಲಿ ಕೂರಿಸುವ ಹಾಗಿಲ್ಲ. ಮೇಲಕ್ಕೆ ಹೋಗುವ ದಾರಿ ಒಡೆತದ ಮೂಲಕ ಮಾತ್ರ.

ಮುಂದಿನವು ಬೇಗ ಬೇಗ. 100 ಎಲೆಕ್ಟ್ರಾನಿಕ್ ಸಿಟಿ, 38 ಇಂದಿರಾನಗರ, 1 ಜಿ.ಪಿ.ಓ., 64 ಯಲಹಂಕ. ಎಲ್ಲವೂ ತಂತಮ್ಮ ಲೀಫ್‌ಗಳಲ್ಲಿ ಕೂತವು. 85 ಬನಶಂಕರಿ ಮೂರನೇ ಹಂತ ಬಂದಾಗ ಕೊನೆಯ ಲೀಫ್ 64 66 78 85 100 ಆಗಿ ಒಡೆದು 78 ಮೇಲೆ ಹೋಯಿತು. 5 ಫ್ರೇಜರ್ ಟೌನ್ ಬಂದಾಗ ಮೊದಲ ಲೀಫ್ 1 3 4 5 10 ಆಗಿ ಒಡೆದು 4 ಮೇಲೆ ಹೋಯಿತು. 20 ಶೇಷಾದ್ರಿಪುರಂ ನಡುವಿನ ಲೀಫ್‌ನ ಕೊನೆಯ ಖಾಲಿ ಜಾಗ ತುಂಬಿತು. ಈಗ ಒಟ್ಟು ಹದಿನಾರು ಕೀ:

```
               [4 11 40 78]
[1 3] [5 10] [18 20 34 38] [64 66] [85 100]
```

ನಿಮ್ಮ ಹಾಳೆಯಲ್ಲಿ ಇದೇ ಬಂದಿದೆಯೇ ನೋಡಿಕೊಳ್ಳಿ. ಬರದಿದ್ದರೆ ಹಿಂದಕ್ಕೆ ಹೋಗಿ. ರೂಟ್ ತುಂಬಿದೆ, ಮೂರನೆಯ ಲೀಫ್ ಕೂಡ ತುಂಬಿದೆ.

## ಹದಿನೇಳನೆಯದು

25 ರಿಚ್‌ಮಂಡ್ ಟೌನ್. 11ಕ್ಕಿಂತ ದೊಡ್ಡದು, 40ಕ್ಕಿಂತ ಚಿಕ್ಕದು. ಹಾಗಾಗಿ ಮೂರನೆಯ ಲೀಫ್‌ಗೆ ಇಳಿಯುತ್ತದೆ. ಅಲ್ಲಿ 18 20 25 34 38. ನಡುವಿನದು ಈಗ ತಾನೇ ಬಂದ 25. ಎಡಕ್ಕೆ [18 20], ಬಲಕ್ಕೆ [34 38], 25 ಮೇಲೆ ಹೋಯಿತು.

ಮೇಲೆ ರೂಟ್ 4 11 25 40 78 ಆಯಿತು. ಐದು ಕೀ. ಅದರ ಕೆಳಗೆ ಆರು ಮಕ್ಕಳು. ಪೆನ್ನು ನಿಲ್ಲುವ ಜಾಗ ಇದೇ. ಮಾಡಬೇಕಾದದ್ದು ಮಾತ್ರ ಕೆಳಗೆ ಮಾಡಿದ್ದೇ: ನಡುವಿನದನ್ನು ಮೇಲಕ್ಕೆ ಕಳಿಸಿ. ನಡುವಿನದು ಮತ್ತೆ 25. ಕೀಗಳ ಜೊತೆಗೆ ಈ ಸಲ ಮಕ್ಕಳನ್ನೂ ಹಂಚಬೇಕು, ಅದೊಂದೇ ಹೆಚ್ಚಿನ ಕೆಲಸ. 25ರ ಎಡಕ್ಕಿದ್ದ ಮೂರು ಮಕ್ಕಳು ಎಡ ನೋಡ್‌ಗೆ, ಬಲಕ್ಕಿದ್ದ ಮೂರು ಬಲ ನೋಡ್‌ಗೆ.

```
                 [25]
       [4 11]            [40 78]
[1 3] [5 10] [18 20]  [34 38] [64 66] [85 100]
```

ಒಂದೇ ಸೇರ್ಪಡೆಯಲ್ಲಿ 25 ಲೀಫ್‌ನಿಂದ ಹೊರಟು ಎರಡು ಮೆಟ್ಟಿಲು ಹತ್ತಿ ಊರಿಗೇ ಯಜಮಾನನಾಗಿ ಕೂತಿತು. ಈ ಮರದ ಎತ್ತರ ಹೆಚ್ಚಾಗುವುದು ರೂಟ್ ಒಡೆದಾಗ ಮಾತ್ರ. ರೂಟ್ ಒಡೆದಾಗ ಎಲ್ಲ ಲೀಫ್‌ಗಳ ಆಳವೂ ಒಟ್ಟಿಗೇ ಒಂದು ಹೆಚ್ಚುತ್ತದೆ. ಒಂದು ಕೊಂಬೆ ಉದ್ದವಾಗಿ ಇನ್ನೊಂದು ಗಿಡ್ಡವಾಗುವ ಸಂದರ್ಭವೇ ಹುಟ್ಟುವುದಿಲ್ಲ. ಸಾಮಾನ್ಯ ಮರ ತುದಿಯಲ್ಲಿ ಬೆಳೆಯುತ್ತದೆ, ಇದು ಬುಡದಲ್ಲಿ ಬೆಳೆಯುತ್ತದೆ.

ಲೆಕ್ಕ ತಾಳೆ ನೋಡಲು ಒಂದು ಸುಲಭದ ದಾರಿ ಇದೆ. ಪ್ರತಿ ಒಡೆತಕ್ಕೂ ಒಂದು ನೋಡ್ ಹೆಚ್ಚುತ್ತದೆ. ಒಡೆದದ್ದು ರೂಟಾದರೆ ಹೊಸ ರೂಟೂ ಸೇರಿ ಎರಡು. ನಾವು ಆರು ಸಲ ಒಡೆದೆವು, ಅದರಲ್ಲಿ ಎರಡು ಸಲ ರೂಟ್. ಮೊದಲಿದ್ದ ಒಂದು, ಒಡೆತದಿಂದ ಆರು, ರೂಟಿನ ಲೆಕ್ಕದ ಎರಡು, ಒಟ್ಟು ಒಂಬತ್ತು. ಚಿತ್ರದಲ್ಲಿ ಎಣಿಸಿ, ಒಂಬತ್ತೇ ಇವೆ.

## ಇದನ್ನೇ ಕೋಡಿನಲ್ಲಿ

```python
from bisect import bisect_left
MAX = 4

class Node:
    def __init__(self, keys, kids=None):
        self.keys, self.kids = keys, kids or []

def split(n):
    m = len(n.keys) // 2
    up = n.keys[m]
    right = Node(n.keys[m+1:], n.kids[m+1:])
    n.keys, n.kids = n.keys[:m], n.kids[:m+1]
    return up, right

def add(n, k):
    i = bisect_left(n.keys, k)
    if i < len(n.keys) and n.keys[i] == k:
        return None
    if not n.kids:
        n.keys.insert(i, k)
    else:
        r = add(n.kids[i], k)
        if r:
            n.keys.insert(i, r[0])
            n.kids.insert(i + 1, r[1])
    return split(n) if len(n.keys) > MAX else None

def insert(root, k):
    r = add(root, k)
    return Node([r[0]], [root, r[1]]) if r else root
```

ಇಳಿಯುವ ಕೆಲಸವನ್ನು `add` ಮಾಡುತ್ತದೆ. ವಾಪಸ್ ಬರುವಾಗ ‘ನನ್ನ ಮಗ ಒಡೆದ, ಈ ಕೀಯನ್ನೂ ಈ ಹೊಸ ನೋಡನ್ನೂ ಇಟ್ಟುಕೋ’ ಅಂತ ತಂದೆಗೆ ಒಂದು ಜೋಡಿಯನ್ನು ಒಪ್ಪಿಸುತ್ತದೆ. ಒಡೆಯದಿದ್ದರೆ `None`. ಒಡೆತ ಎಷ್ಟು ಮೆಟ್ಟಿಲು ಹತ್ತಿದರೂ ಕೋಡು ಇಷ್ಟೇ.

ತಪ್ಪಾಗುವುದು ಸಾಮಾನ್ಯವಾಗಿ ಮೂರು ಕಡೆ. ಮೊದಲನೆಯದು, `insert` ವಾಪಸ್ ಕೊಟ್ಟ ರೂಟನ್ನು ಹಿಡಿದಿಟ್ಟುಕೊಳ್ಳದೆ ಇರುವುದು. `root = insert(root, 40)` ಅಂತ ಬರೆಯುವ ಕಡೆ ಬರೀ `insert(root, 40)` ಅಂದರೆ ನಿಮ್ಮ ಕೈಯಲ್ಲಿ ಉಳಿಯುವುದು ಹಳೆಯ ರೂಟ್, ಅಂದರೆ ಒಡೆದ ಮೇಲಿನ ಎಡ ಅರ್ಧ [3 4]. 11, 40, 66 ಮೂರೂ ಮಾಯ. ಎರರ್ ಬರುವುದಿಲ್ಲ, ದೊಡ್ಡ ಕೀಗಳು ಮಾತ್ರ ಸಿಗುವುದಿಲ್ಲ. ಸಣ್ಣ ಕೀಗಳೆಲ್ಲ ಸಿಕ್ಕಿ ದೊಡ್ಡವು ಕಾಣೆಯಾದರೆ ನಾನು ಮೊದಲು ನೋಡುವುದು ಇದನ್ನೇ.

ಎರಡನೆಯದು ಮಕ್ಕಳನ್ನು ಹಂಚುವಾಗ ಒಂದು ಸ್ಥಾನ ಆಚೀಚೆ ಆಗುವುದು. ಎಡಕ್ಕೆ `[:m+1]` ಬದಲು `[:m]` ಅಂತ ಬರೆದರೆ 25ಕ್ಕೆ ತಗುಲಿಕೊಂಡಿದ್ದ [18 20] ಲೀಫ್ ಯಾರ ಮಗುವೂ ಅಲ್ಲದೆ ಕಳೆದುಹೋಗುತ್ತದೆ. ಲೀಫ್ ಒಡೆಯುವಾಗ ಮಕ್ಕಳೇ ಇಲ್ಲದ್ದರಿಂದ ಈ ತಪ್ಪು ಮೊದಲ ಐದು ಒಡೆತಗಳಲ್ಲಿ ತಲೆ ಎತ್ತುವುದಿಲ್ಲ. ಹದಿನೇಳನೆಯ ಕೀವರೆಗೆ ಬನ್ನಿ ಅಂತ ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಟೆಸ್ಟ್ ಬರೆಯುವಾಗ ಪ್ರತಿ ಸೇರ್ಪಡೆಯ ನಂತರ ಮಕ್ಕಳ ಸಂಖ್ಯೆ ಕೀಗಳಿಗಿಂತ ಒಂದು ಹೆಚ್ಚಿದೆಯೇ, ಲೀಫ್‌ಗಳ ಆಳ ಒಂದೇ ಇದೆಯೇ, ಇದುವರೆಗೆ ಹಾಕಿದ ಪ್ರತಿ ಕೀಯೂ ಸಿಗುತ್ತದೆಯೇ ಅಂತ ಮೂರನ್ನು ನೋಡಿದರೆ ಈ ಎರಡೂ ತಪ್ಪು ಸಿಕ್ಕಿಬೀಳುತ್ತವೆ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಕೆಲವು ಪಠ್ಯಗಳಲ್ಲಿ ಇಳಿಯುವಾಗಲೇ ದಾರಿಯಲ್ಲಿ ಸಿಕ್ಕ ತುಂಬಿದ ನೋಡ್‌ಗಳನ್ನೆಲ್ಲ ಮುಂಚಿತವಾಗಿ ಒಡೆಯುತ್ತಾ ಹೋಗುವ ವಿಧಾನ ಇದೆ. ಮತ್ತೆ ಮೇಲೆ ಬರಬೇಕಾಗಿಲ್ಲ ಅನ್ನುವುದು ಅದರ ಅನುಕೂಲ. ಆದರೆ ಅಲ್ಲಿ ಒಡೆಯುವುದು ಉಕ್ಕಿದ ನೋಡನ್ನಲ್ಲ, ತುಂಬಿದ ನೋಡನ್ನು. ನಮ್ಮ ಹಾಗೆ ಗರಿಷ್ಠ 4 ಕೀ ಇಟ್ಟುಕೊಂಡರೆ ಒಂದು ಮೇಲೆ ಹೋಗಿ ಉಳಿದ ಮೂರು ಒಂದು-ಎರಡು ಅಂತ ಹಂಚಿಹೋಗುತ್ತವೆ, ಕನಿಷ್ಠ ಎರಡು ಅನ್ನುವ ನಿಯಮ ಮುರಿಯುತ್ತದೆ. ಆ ವಿಧಾನಕ್ಕೆ ಗರಿಷ್ಠ ಕೀಗಳ ಸಂಖ್ಯೆ ಬೆಸವಾಗಿರಬೇಕು. ಎರಡು ಕಡೆ ಓದಿದ್ದನ್ನು ಬೆರೆಸಿ ಬರೆದವರ ಕೋಡಿನಲ್ಲಿ ಈ ಗೊಂದಲ ನೋಡಿದ್ದೇನೆ.

## ಡೇಟಾಬೇಸಿನಲ್ಲಿ ಒಂದು ವ್ಯತ್ಯಾಸ

ಡೇಟಾಬೇಸುಗಳಲ್ಲಿ ಸಾಮಾನ್ಯವಾಗಿ ಇರುವುದು ಇದರ ತಮ್ಮ, ಬಿ-ಪ್ಲಸ್ ಟ್ರೀ. ಅಲ್ಲಿ ನಿಜವಾದ ಮಾಹಿತಿ ಇರುವುದು ಲೀಫ್‌ಗಳಲ್ಲಿ ಮಾತ್ರ, ಮೇಲಿನ ನೋಡ್‌ಗಳು ದಾರಿ ತೋರಿಸುವ ಕೈಕಂಬಗಳು. ಆದ್ದರಿಂದ ಲೀಫ್ ಒಡೆದಾಗ ನಡುವಿನ ಕೀ ಮೇಲಕ್ಕೆ ‘ಹೋಗುವುದಿಲ್ಲ’, ಅದರ ಒಂದು ಪ್ರತಿ ಹೋಗುತ್ತದೆ. 40 ಬಂದಾಗ ನಮ್ಮ ಮೊದಲ ಒಡೆತ ಅಲ್ಲಿ ಹೀಗಿರುತ್ತಿತ್ತು: ಎಡಕ್ಕೆ [3 4], ಬಲಕ್ಕೆ [11 40 66], ಮೇಲೆ 11ರ ಪ್ರತಿ. ಮಧ್ಯದ ನೋಡ್ ಒಡೆದಾಗ ಮಾತ್ರ ನಾವು ಮಾಡಿದ ಹಾಗೆಯೇ ಕೀ ಮೇಲೆ ಹೋಗುತ್ತದೆ. ಲೀಫ್‌ಗಳನ್ನು ಅಕ್ಕಪಕ್ಕದವರ ಜೊತೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. 10ರಿಂದ 40ರವರೆಗಿನ ಪಿನ್ನುಗಳೆಲ್ಲ ಬೇಕು ಅಂದರೆ 10 ಇರುವ ಲೀಫ್‌ಗೆ ಒಮ್ಮೆ ಇಳಿದು, ಆಮೇಲೆ ಪಕ್ಕಕ್ಕೆ ನಡೆಯುತ್ತಾ ಹೋದರಾಯಿತು. ಹ್ಯಾಶ್ ಟೇಬಲ್ಲಿಗೆ ಈ ಕೆಲಸ ಆಗದು, ಅಲ್ಲಿ 10ರ ಪಕ್ಕ ಏನಿದೆ ಅನ್ನುವುದಕ್ಕೆ ಅರ್ಥವೇ ಇಲ್ಲ.

## ಇಷ್ಟು ಅಗಲದ ಮರ ಯಾಕೆ

ಬಿ-ಟ್ರೀಯನ್ನು ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್ ಬೋಯಿಂಗ್ ಕಂಪನಿಯ ಸಂಶೋಧನಾಲಯದಲ್ಲಿದ್ದಾಗ ರೂಪಿಸಿದರು, 1972ರಲ್ಲಿ ಅವರ ಲೇಖನ ಪತ್ರಿಕೆಯಲ್ಲಿ ಬಂತು. ‘ಬಿ’ ಅಂದರೆ ಏನು ಅಂತ ಅವರು ಅದರಲ್ಲಿ ಹೇಳಲಿಲ್ಲ. ಅವರ ಮುಂದಿದ್ದ ಸಮಸ್ಯೆ ಮೆಮೊರಿಯಲ್ಲಿ ಹಿಡಿಸದಷ್ಟು ದೊಡ್ಡ ಇಂಡೆಕ್ಸನ್ನು ಡಿಸ್ಕಿನಲ್ಲಿ ಇಟ್ಟು ಹುಡುಕುವುದು ಹೇಗೆ ಅನ್ನುವುದು.

ಡಿಸ್ಕು ಒಂದು ಬೈಟನ್ನು ಕೇಳಿದರೆ ಒಂದು ಬೈಟು ಕೊಡುವುದಿಲ್ಲ, ಒಂದು ಇಡೀ ಬ್ಲಾಕ್ ಕೊಡುತ್ತದೆ. ಸಿಟಿ ಮಾರ್ಕೆಟ್ಟಿಗೆ ಹೋಗಿಬರುವ ಬಸ್ ಚಾರ್ಜು ನಿಂಬೆಹಣ್ಣು ಒಂದಕ್ಕೂ ಅಷ್ಟೇ, ಚೀಲದ ತುಂಬ ತಂದರೂ ಅಷ್ಟೇ ಅನ್ನುವ ಹಾಗೆ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ನಮಗೆ ಬೇಕಾದ ಜಾಗ ಕೆಳಗೆ ಬರಲು ಸರಾಸರಿ ಅದರ ಅರ್ಧ, ಜೊತೆಗೆ ಡಿಸ್ಕನ್ನು ಓದುವ ತಲೆಯನ್ನು ಸರಿಸುವ ಹೊತ್ತು. ಒಟ್ಟಿನಲ್ಲಿ ಒಂದು ಸಲ ಹೋಗಿಬರಲು ಹತ್ತು ಮಿಲಿಸೆಕೆಂಡಿನ ಆಸುಪಾಸು. ಒಂದು ಕೋಟಿ ಕೀಗಳಿರುವ ಸಮತೋಲದ ಬೈನರಿ ಮರದಲ್ಲಿ 24 ಮಟ್ಟಗಳಿರುತ್ತವೆ. ಪ್ರತಿ ಮಟ್ಟವೂ ಡಿಸ್ಕಿನ ಬೇರೆ ಬೇರೆ ಮೂಲೆಯಲ್ಲಿದ್ದರೆ ಒಂದು ಹುಡುಕಾಟಕ್ಕೆ ಕಾಲು ಸೆಕೆಂಡ್.

ಈಗ ನೋಡ್‌ನ ಗಾತ್ರವನ್ನು ಡಿಸ್ಕಿನಿಂದ ತರುವ ಪೇಜಿನ ಗಾತ್ರಕ್ಕೇ ಹೊಂದಿಸಿ. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಯಲ್ಲಿ ಪೇಜು ಸಾಮಾನ್ಯವಾಗಿ 16 ಕಿಲೋಬೈಟ್, ಪೋಸ್ಟ್‌ಗ್ರೆಸ್‌ನಲ್ಲಿ 8. ಕೀಗೆ 8 ಬೈಟು, ಮಗುವಿನ ವಿಳಾಸ, ಒಂದಿಷ್ಟು ತಲೆಬರಹ ಸೇರಿ 20 ಬೈಟು ಅಂದರೂ 16 ಕಿಲೋಬೈಟಿನಲ್ಲಿ 800 ಹಿಡಿಯುತ್ತವೆ. ಪೇಜು ಪೂರ್ತಿ ತುಂಬಿರುವುದಿಲ್ಲ ಅಂತ 500ಕ್ಕೇ ಇಳಿಸೋಣ. ರೂಟಿನ ಕೆಳಗೆ 500 ನೋಡ್, ಅವುಗಳ ಕೆಳಗೆ ಎರಡೂವರೆ ಲಕ್ಷ ಲೀಫ್. ಒಂದೊಂದು ಲೀಫ್‌ನಲ್ಲಿ ನೂರು ಸಾಲು ಇದ್ದರೂ ಎರಡೂವರೆ ಕೋಟಿ ಸಾಲುಗಳು ಬರೀ ಮೂರು ಮಟ್ಟದಲ್ಲಿ ಮುಗಿದವು. ಮೇಲಿನ ಎರಡು ಮಟ್ಟದ 501 ಪೇಜುಗಳು ಸೇರಿ ಸುಮಾರು 8 ಮೆಗಾಬೈಟ್, ಅವು ಮೆಮೊರಿಯಲ್ಲೇ ಉಳಿದುಬಿಡುತ್ತವೆ. ಡಿಸ್ಕಿಗೆ ಹೋಗಬೇಕಾದದ್ದು ಲೀಫ್‌ಗಾಗಿ ಒಂದೇ ಸಲ.

ಎಸ್‌ಎಸ್‌ಡಿ ಬಂದ ಮೇಲೆ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ತಿರುಗುವ ತಟ್ಟೆ ಹೋಯಿತು ನಿಜ, ಆದರೆ ಎಸ್‌ಎಸ್‌ಡಿಯೂ ಕೊಡುವುದು ಬ್ಲಾಕನ್ನೇ, ಅದಕ್ಕೂ ಮೆಮೊರಿಗೂ ಅಂತರ ಈಗಲೂ ನೂರಾರು ಪಟ್ಟು.

ಒಡೆತದ ಖರ್ಚಿನ ಬಗ್ಗೆ ಹೆದರುವವರಿಗೆ ಒಂದು ಸಮಾಧಾನ. ನಮ್ಮ ಪುಟ್ಟ ಮರದಲ್ಲಿ 17 ಸೇರ್ಪಡೆಗೆ 6 ಒಡೆತ ಆದವು, ಯಾಕೆಂದರೆ ನೋಡ್ ತೀರಾ ಚಿಕ್ಕದು. ಪೇಜಿನಲ್ಲಿ 400 ಕೀ ಹಿಡಿಯುವ ಕಡೆ ಒಡೆದ ಪ್ರತಿ ಅರ್ಧದಲ್ಲೂ 200 ಕೀ ಇರುವುದರಿಂದ, ಬರೀ ಸೇರಿಸುತ್ತಾ ಹೋದರೆ ಸರಾಸರಿ 200 ಸೇರ್ಪಡೆಗೆ ಒಂದಕ್ಕಿಂತ ಹೆಚ್ಚು ಒಡೆತ ಆಗಲು ಸಾಧ್ಯವಿಲ್ಲ.

## ಫೈಲ್ ಸಿಸ್ಟಮ್‌ಗೂ ಇದೇ ಬೇಕಾದದ್ದು

ವಿಂಡೋಸಿನ ಎನ್‌ಟಿಎಫ್‌ಎಸ್ ತನ್ನ ಡೈರೆಕ್ಟರಿಗಳನ್ನು ಬಿ-ಟ್ರೀಯಲ್ಲಿ ಇಡುತ್ತದೆ, ಲಿನಕ್ಸಿನ ಬಿಟಿಆರ್‌ಎಫ್‌ಎಸ್ ಬಹುಮಟ್ಟಿಗೆ ಎಲ್ಲವನ್ನೂ ಇಡುತ್ತದೆ. ನನಗೆ ಹೆಚ್ಚು ಇಷ್ಟವಾದದ್ದು ಎಕ್ಸ್‌ಎಫ್‌ಎಸ್‌ನ ಉಪಾಯ. ಡಿಸ್ಕಿನಲ್ಲಿ ಎಲ್ಲೆಲ್ಲಿ ಖಾಲಿ ಜಾಗ ಇದೆ ಅನ್ನುವ ಒಂದೇ ಪಟ್ಟಿಯನ್ನು ಅದು ಎರಡು ಮರಗಳಲ್ಲಿ ಬರೆದಿಡುತ್ತದೆ. ಒಂದರಲ್ಲಿ ಕೀ ಜಾಗ ಶುರುವಾಗುವ ಬ್ಲಾಕ್ ಸಂಖ್ಯೆ, ಇನ್ನೊಂದರಲ್ಲಿ ಜಾಗದ ಉದ್ದ. ಫೈಲು ಅಳಿಸಿದಾಗ ಅದರ ಪಕ್ಕದ ಜಾಗವೂ ಖಾಲಿ ಇದೆಯೇ, ಕೂಡಿಸಬಹುದೇ ಅಂತ ಮೊದಲನೆಯದರಲ್ಲಿ ನೋಡಬಹುದು. ಇಷ್ಟು ಉದ್ದದ ಒಂದೇ ತುಂಡು ಎಲ್ಲಾದರೂ ಸಿಗುತ್ತದೆಯೇ ಅಂತ ಎರಡನೆಯದರಲ್ಲಿ. ಸೈಟು ಹುಡುಕುವವರು ಬಡಾವಣೆಯ ಪ್ರಕಾರ ಒಂದು ಪಟ್ಟಿ, ಅಳತೆಯ ಪ್ರಕಾರ ಇನ್ನೊಂದು ಪಟ್ಟಿ ಇಟ್ಟುಕೊಂಡ ಹಾಗೆ. ಎರಡು ಪ್ರಶ್ನೆಗಳೂ ‘ಇದಕ್ಕೆ ಹತ್ತಿರದ್ದು’, ‘ಇದಕ್ಕಿಂತ ದೊಡ್ಡದು’ ಅನ್ನುವ ಬಗೆಯವು. ಕೀಗಳು ಕ್ರಮದಲ್ಲಿದ್ದರೆ ಮಾತ್ರ ಅವಕ್ಕೆ ಉತ್ತರ.

ಡಿಸ್ಕಿನ ಮೇಲಿನ ಮರಕ್ಕೆ ಹಾಳೆಯ ಮೇಲೆ ಕಾಣದ ಒಂದು ಅಪಾಯ ಇದೆ. ಒಂದು ಲೀಫ್ ಒಡೆದರೂ ಮೂರು ಪೇಜು ಬರೆಯಬೇಕು: ಎಡ ಅರ್ಧ, ಬಲ ಅರ್ಧ, ತಂದೆ. ಎಡ ಅರ್ಧ ಬರೆದಾಯಿತು, ಬಲದ್ದು ಬರೆಯುವಷ್ಟರಲ್ಲಿ ಕರೆಂಟು ಹೋಯಿತು. ಮಳೆಗಾಲದ ಸಂಜೆ ಬೆಂಗಳೂರಿನಲ್ಲಿ ಇದು ಕಲ್ಪನೆಯ ಮಾತೇನಲ್ಲ. [18 20] ಉಳಿದು [34 38] ಎಲ್ಲೂ ಇಲ್ಲ. ಅದಕ್ಕೇ ಡೇಟಾಬೇಸುಗಳು ಏನು ಬದಲಿಸಲಿದ್ದೇವೆ ಅನ್ನುವುದನ್ನು ಮೊದಲು ಲಾಗಿನಲ್ಲಿ ಬರೆದು, ಅದು ಡಿಸ್ಕಿಗೆ ಮುಟ್ಟಿದ ಮೇಲೆಯೇ ಪೇಜುಗಳನ್ನು ಮುಟ್ಟುತ್ತವೆ. ಬಿಟಿಆರ್‌ಎಫ್‌ಎಸ್‌ನದು ಬೇರೆ ದಾರಿ. ಅದು ಹಳೆಯ ನೋಡ್ ಮೇಲೆ ಬರೆಯುವುದೇ ಇಲ್ಲ. ಬದಲಾದ ಲೀಫ್‌ಗೆ ಹೊಸ ಪ್ರತಿ, ಅದರ ತಂದೆಗೆ ಹೊಸ ಪ್ರತಿ, ಹೀಗೆ ರೂಟಿನವರೆಗೆ ಹೊಸದನ್ನು ಬೇರೆ ಜಾಗದಲ್ಲಿ ಬರೆದು, ಕೊನೆಗೆ ‘ರೂಟ್ ಇಲ್ಲಿದೆ’ ಅನ್ನುವ ಗುರುತನ್ನು ಬದಲಿಸುತ್ತದೆ. ಅದಕ್ಕೆ ಮೊದಲು ಕರೆಂಟು ಹೋದರೆ ಹಳೆಯ ಮರ ಹಾಗೇ ಇರುತ್ತದೆ.

ಒಬ್ಬ ಓದುತ್ತಿರುವಾಗಲೇ ಇನ್ನೊಬ್ಬ ಒಡೆದರೆ ಏನು ಗತಿ ಅನ್ನುವುದು ಇನ್ನೊಂದು ಪ್ರಶ್ನೆ. 38ನ್ನು ಹುಡುಕುವವನು ತಂದೆಯಿಂದ ಲೀಫ್‌ನ ವಿಳಾಸ ತೆಗೆದುಕೊಂಡ, ಅವನು ತಲುಪುವ ಮೊದಲೇ ಲೀಫ್ ಒಡೆದು 38 ಬಲಕ್ಕೆ ಹೋಯಿತು. 1981ರಲ್ಲಿ ಲೇಮನ್ ಮತ್ತು ಯಾವೊ ಇದಕ್ಕೆ ಸರಳ ಪರಿಹಾರ ಕೊಟ್ಟರು. ಪ್ರತಿ ನೋಡ್‌ನಲ್ಲೂ ಬಲಗಡೆಯ ನೆರೆಯವನ ವಿಳಾಸ ಮತ್ತು ‘ನನ್ನಲ್ಲಿ ಇದಕ್ಕಿಂತ ದೊಡ್ಡ ಕೀ ಇರುವುದಿಲ್ಲ’ ಅನ್ನುವ ಒಂದು ಮಿತಿಯನ್ನು ಬರೆದಿಡಿ. ಹುಡುಕುವವನ ಕೀ ಮಿತಿಯನ್ನು ಮೀರಿದ್ದರೆ ಒಡೆದಿದೆ ಅಂತ ತಿಳಿದು ಒಂದು ಹೆಜ್ಜೆ ಬಲಕ್ಕೆ ಸರಿಯುತ್ತಾನೆ, ಅಷ್ಟೇ. ಪೋಸ್ಟ್‌ಗ್ರೆಸ್‌ನ ಬಿ-ಟ್ರೀ ಈ ವಿಧಾನದ ಮೇಲೆ ನಿಂತಿದೆ.

## ಕೀ ಬರುವ ಕ್ರಮ

ಪಾರ್ಸೆಲ್ಲುಗಳ ಟೇಬಲ್ ಒಂದನ್ನು ನಾನು ನೋಡಿಕೊಳ್ಳುತ್ತಿದ್ದೆ, ಎಲ್ಲಿ ಅನ್ನುವುದು ಬೇಡ. ಅದರ ಪ್ರೈಮರಿ ಕೀ ಯಾದೃಚ್ಛಿಕ ಯುಯುಐಡಿ, ನಾಲ್ಕನೆಯ ಆವೃತ್ತಿಯದು. ಮೊದಲ ಕೆಲವು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಸೇರ್ಪಡೆ ದಿನದಿಂದ ದಿನಕ್ಕೆ ನಿಧಾನವಾಗತೊಡಗಿತು. ಹುಡುಕಾಟದ ಕ್ವೆರಿಗಳಲ್ಲಿ ತೊಂದರೆ ಹುಡುಕುತ್ತಾ ನಾವು ಒಂದು ವಾರ ಕಳೆದೆವು. ತೊಂದರೆ ಇದ್ದದ್ದು ಒಡೆತದಲ್ಲಿ.

ಇದನ್ನು ತಿಳಿಯಲು ಮೊದಲು ಎದುರು ತುದಿಯಿಂದ ನೋಡಿ. ನಮ್ಮ ಪುಟ್ಟ ಮರಕ್ಕೆ 1, 2, 3 ಅಂತ ಏರಿಕೆಯಲ್ಲೇ ಕೀಗಳು ಬಂದರೆ 5 ಬಂದಾಗ [1 2] ಮತ್ತು [4 5] ಆಗುತ್ತದೆ, 8 ಬಂದಾಗ [4 5] ಮತ್ತು [7 8]. ಎಡಗಡೆಯ [1 2], [4 5] ಇನ್ನೆಂದೂ ತುಂಬುವುದಿಲ್ಲ, ಯಾಕೆಂದರೆ ಇನ್ನು ಬರುವುದೆಲ್ಲ ಬಲತುದಿಗೇ. ಪುಸ್ತಕದ ಪ್ರಕಾರ ನಡುವಿಗೇ ಒಡೆದರೆ ಅರ್ಧ ಜಾಗ ಶಾಶ್ವತವಾಗಿ ಖಾಲಿ. ಆದ್ದರಿಂದ ನಿಜವಾದ ಎಂಜಿನ್ನುಗಳು ಇಲ್ಲಿ ನಿಯಮ ಮುರಿಯುತ್ತವೆ. ಪೋಸ್ಟ್‌ಗ್ರೆಸ್ ಬಲತುದಿಯ ಲೀಫ್ ಒಡೆಯುವಾಗ ಎಡಕ್ಕೆ ನೂರರಲ್ಲಿ ಸುಮಾರು 90 ಭಾಗ ಉಳಿಸುತ್ತದೆ, ಇನ್ನೋಡಿಬಿ ಏರಿಕೆಯ ಸೇರ್ಪಡೆಯಲ್ಲಿ ಪೇಜನ್ನು ಹದಿನಾರರಲ್ಲಿ ಹದಿನೈದು ಭಾಗ ತುಂಬುತ್ತದೆ.

ಯಾದೃಚ್ಛಿಕ ಕೀಗಳಿಗೆ ಈ ಉಪಾಯ ಸಲ್ಲದು. ಅಲ್ಲಿ ಒಡೆತ ಎಲ್ಲೆಂದರಲ್ಲಿ ನಡೆಯುತ್ತದೆ, ಲೀಫ್‌ಗಳು ಅರ್ಧ ಮತ್ತು ಪೂರ್ತಿಯ ನಡುವೆ ಎಲ್ಲೋ ಇರುತ್ತವೆ, ಸರಾಸರಿ 69 ಶೇಕಡಾ. ಜಾಗದ ನಷ್ಟವನ್ನು ಸಹಿಸಬಹುದು. ಸಹಿಸಲಾಗದ್ದು ಬೇರೆ. ಏರಿಕೆಯ ಕೀಗಳಿಗೆ ಬಲತುದಿಯ ಲೀಫ್ ಒಂದು ಮೆಮೊರಿಯಲ್ಲಿದ್ದರೆ ಸಾಕು; ಯಾದೃಚ್ಛಿಕ ಕೀಗೆ ಮುಂದೆ ಯಾವ ಲೀಫ್ ಬೇಕು ಅಂತ ಹೇಳಲಾಗದು, ಎಲ್ಲವೂ ಮೆಮೊರಿಯಲ್ಲಿರಬೇಕು. ಇಂಡೆಕ್ಸು ಮೆಮೊರಿಗಿಂತ ದೊಡ್ಡದಾದ ದಿನದಿಂದ ಹೆಚ್ಚುಕಡಿಮೆ ಪ್ರತಿ ಸೇರ್ಪಡೆಗೂ ಒಂದು ಡಿಸ್ಕ್ ಓದು. ಮೇಲಾಗಿ ಪೋಸ್ಟ್‌ಗ್ರೆಸ್ ಬದಲಾದ ಪೇಜುಗಳನ್ನೆಲ್ಲ ಡಿಸ್ಕಿಗೆ ಇಳಿಸುವ ಪ್ರತಿ ಚೆಕ್‌ಪಾಯಿಂಟ್ ನಂತರ ಒಂದು ಪೇಜನ್ನು ಮೊದಲ ಸಲ ಮುಟ್ಟಿದಾಗ ಆ ಇಡೀ ಪೇಜನ್ನೇ ಲಾಗಿಗೆ ಬರೆಯುತ್ತದೆ. ಹದಿನಾರು ಬೈಟಿನ ಕೀ ಸೇರಿಸಲು 8 ಕಿಲೋಬೈಟ್ ಬರಹ. ಮೊದಲ ತಿಂಗಳುಗಳು ಚೆನ್ನಾಗಿದ್ದದ್ದು ಯಾಕೆ, ಆಮೇಲೆ ಕೆಟ್ಟದ್ದು ಯಾಕೆ ಅನ್ನುವುದು ಆಗ ಹೊಳೆಯಿತು.

ನಿಮ್ಮಲ್ಲೂ ಹಾಗಿದೆಯೇ ಅಂತ ನೋಡಲು:

```sql
CREATE EXTENSION IF NOT EXISTS pgstattuple;
SELECT tree_level, leaf_pages, avg_leaf_density
FROM pgstatindex('parcel_pkey');
```

`tree_level` ರೂಟ್ ಎಷ್ಟನೆಯ ಮಟ್ಟದಲ್ಲಿದೆ ಅಂತ ಹೇಳುತ್ತದೆ, ಲೀಫ್ ಸೊನ್ನೆ. 2 ಅಂದರೆ ನಮ್ಮ ಹದಿನೇಳು ಕೀಗಳ ಮರದ ಹಾಗೆ ಮೂರು ಮಟ್ಟ. `avg_leaf_density` 90ರ ಹತ್ತಿರ ಇದ್ದರೆ ಕೀಗಳು ಕ್ರಮವಾಗಿ ಬರುತ್ತಿವೆ, 70ರ ಆಸುಪಾಸಿನಲ್ಲಿದ್ದರೆ ಯಾದೃಚ್ಛಿಕವಾಗಿ. 50ಕ್ಕೂ ಕೆಳಗಿದ್ದರೆ ಒಡೆತವಲ್ಲ, ಅಳಿಸುವಿಕೆ ಕಾರಣ ಇರಬಹುದು. ಈ ಕ್ವೆರಿ ಇಡೀ ಇಂಡೆಕ್ಸನ್ನು ಓದುತ್ತದೆ, ದೊಡ್ಡ ಟೇಬಲ್ಲಿನ ಮೇಲೆ ಹಗಲು ಹೊತ್ತು ಓಡಿಸಬೇಡಿ.

ನಾವು ಮೊದಲು ಮಾಡಿದ್ದು `REINDEX INDEX CONCURRENTLY`. ಸಾಂದ್ರತೆ 90ಕ್ಕೆ ಏರಿತು, ಎಲ್ಲರೂ ಕಾಫಿ ಕುಡಿದೆವು. ಕೆಲವೇ ದಿನಗಳಲ್ಲಿ ಒಡೆತಗಳ ಮಹಾಪೂರ. ಎಲ್ಲ ಲೀಫ್‌ಗಳನ್ನೂ ಒಂದೇ ಸಲ 90ಕ್ಕೆ ತುಂಬಿಸಿದ್ದರಿಂದ ಅವೆಲ್ಲ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಉಕ್ಕಿದವು. ಯಾದೃಚ್ಛಿಕ ಕೀ ಇಟ್ಟುಕೊಂಡೇ ಇಂಡೆಕ್ಸ್ ಮರುಕಟ್ಟುವುದಾದರೆ `fillfactor` ಇಳಿಸಿ, ಅಂದರೆ ಲೀಫ್‌ಗಳಲ್ಲಿ ಹೆಚ್ಚು ಜಾಗ ಖಾಲಿ ಬಿಟ್ಟು ಕಟ್ಟಬೇಕು. ಕೊನೆಗೆ ನಾವು ಹೊಸ ಸಾಲುಗಳಿಗೆ ಏಳನೆಯ ಆವೃತ್ತಿಯ ಯುಯುಐಡಿ ಕೊಡತೊಡಗಿದೆವು. 2024ರಲ್ಲಿ ಮಾನದಂಡಕ್ಕೆ ಸೇರಿದ ಅದರ ಮೊದಲ 48 ಬಿಟ್‌ಗಳು ಮಿಲಿಸೆಕೆಂಡಿನ ಸಮಯ, ಹಾಗಾಗಿ ಕೀಗಳು ಏರಿಕೆಯಲ್ಲೇ ಬರುತ್ತವೆ. ಹಳೆಯ ಸಾಲುಗಳ ಕೀಗಳನ್ನು ಮುಟ್ಟಲಿಲ್ಲ. ಈಗಿನ ಸಮಯದ ಮೊದಲ ಬೈಟು ಹೆಕ್ಸಿನಲ್ಲಿ `01`, ಆದ್ದರಿಂದ ಹೊಸ ಕೀಗಳೆಲ್ಲ ಹಳೆಯ ಮರದ ಎಡತುದಿಯ ಹತ್ತಿರ ಒಂದೇ ಜಾಗದಲ್ಲಿ ಸೇರುತ್ತಿವೆ. ಅದು ಬಲತುದಿಯಲ್ಲ, ಆದರೂ ಮೆಮೊರಿಯಲ್ಲಿ ಬೆಚ್ಚಗಿರಬೇಕಾದ ಲೀಫ್‌ಗಳು ಈಗ ಬೆರಳೆಣಿಕೆಯಷ್ಟೇ.